ಟ್ಯೂಬ್ ಮೂಲಕ ಆಹಾರ ಪಡೆಯುವವರಿಗೆ ಮನೆಯಲ್ಲಿ ಭೇದಿ ಶುರುವಾದಾಗ

ಪ್ರಶ್ನೆ: ಪಾರ್ಶ್ವವಾಯು ಆದ ನಮ್ಮ ತಂದೆಯವರಿಗೆ ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುತ್ತಿದ್ದೇವೆ. ಮೂರು ದಿನದಿಂದ ದಿನಕ್ಕೆ ಐದಾರು ಸಲ ನೀರು ನೀರಾಗಿ ಹೋಗುತ್ತಿದೆ. ಫೀಡ್ ನಿಲ್ಲಿಸಬೇಕೇ? ಮೂಡಿಗೆರೆ ಹತ್ತಿರದ ಹಳ್ಳಿ ನಮ್ಮದು, ನರ್ಸ್ ಬರುವುದು ವಾರಕ್ಕೊಮ್ಮೆ.

ಉತ್ತರ:

ಪೂರ್ತಿ ನಿಲ್ಲಿಸಬೇಡಿ, ನಿಧಾನ ಮಾಡಿ. ಮೂರು ದಿನ ಆಗಿರುವುದರಿಂದ ವಾರದ ಭೇಟಿಗೆ ಕಾಯದೆ ಇವತ್ತೇ ನರ್ಸ್‌ಗೆ ಫೋನ್ ಮಾಡಿ. ವಾಂತಿ, ಹೊಟ್ಟೆ ಉಬ್ಬರ ಅಥವಾ ಫೀಡ್ ಕೊಡುವಾಗ ಕೆಮ್ಮು, ಏದುಸಿರು ಕಂಡರೆ ಮಾತ್ರ ಫೀಡನ್ನು ಆ ಕ್ಷಣವೇ ನಿಲ್ಲಿಸಬೇಕು. ನಾನು ಹಾಸನದಲ್ಲಿದ್ದುಕೊಂಡು ಹಲವು ವರ್ಷಗಳಿಂದ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುತ್ತಿರುವ ನರ್ಸ್. ನಿಮ್ಮ ತಂದೆಯವರನ್ನು ನೋಡದೆ ಕಾರಣ ಇದೇ ಎಂದು ಹೇಳಲಾರೆ. ಆದರೆ ಅದನ್ನು ಹುಡುಕುವ ದಾರಿಯನ್ನು ಸಕಲೇಶಪುರದ ಕಡೆಯ ಒಂದು ಮನೆಯ ಉದಾಹರಣೆಯಿಂದ ವಿವರಿಸುತ್ತೇನೆ.

ಆ ಮನೆಯ ಅಜ್ಜಿಗೂ ಹೀಗೆಯೇ ದಿನಕ್ಕೆ ಐದು ಸಲ ಆಗುತ್ತಿತ್ತು. ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಫೀಡ್ ಕೊಟ್ಟ ಹೊತ್ತು ಮತ್ತು ಭೇದಿಯಾದ ಹೊತ್ತು ಎರಡನ್ನೂ ಬರೆದಿಟ್ಟಿದ್ದರು, ಅದೇ ನಮಗೆ ದಾರಿ ತೋರಿಸಿತು: ಪ್ರತಿ ಸಲವೂ ಫೀಡ್ ಮುಗಿದ ಅರ್ಧ ಗಂಟೆಯೊಳಗೆ ಆಗಿತ್ತು, ಫೀಡ್ ಇಲ್ಲದ ರಾತ್ರಿಯಲ್ಲಿ ಒಮ್ಮೆಯೂ ಆಗಿರಲಿಲ್ಲ. ಜ್ವರವಿರಲಿಲ್ಲ, ರಕ್ತವಿರಲಿಲ್ಲ. ದಿನವೂ ಹೇಗೆ ಕೊಡುತ್ತೀರೋ ಹಾಗೆಯೇ ಒಂದು ಸಲ ಕೊಡಿ ಎಂದು ಕೇಳಿ ಪಕ್ಕದಲ್ಲಿ ಕುಳಿತು ನೋಡಿದೆ. ಕಾಫಿ ಕೊಯ್ಲಿನ ಸಮಯ, ಆಳುಗಳಿಗೆ ತಿಂಡಿ ಕೊಡುವ ಅವಸರ; ಆ ತಾಯಿ 300 ಮಿ.ಲೀ. ಗಂಜಿಯನ್ನು ಸಿರಿಂಜಿನ ದಂಡ ಒತ್ತಿ ಐದೇ ನಿಮಿಷದಲ್ಲಿ ಮುಗಿಸಿದರು. ಫ್ರಿಜ್‌ನಿಂದ ತೆಗೆದ ಗಂಜಿ ಇನ್ನೂ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಅಜ್ಜಿಯ ಹೊಟ್ಟೆ ಗುಡುಗುಟ್ಟುವುದು ನನಗೆ ಕುಳಿತಲ್ಲಿಗೇ ಕೇಳಿಸಿತು.

ನಾವು ಬಾಯಲ್ಲಿ ಉಣ್ಣುವಾಗ ತುತ್ತು ತುತ್ತಾಗಿ, ಬೆಚ್ಚಗಾಗಿ ಇಳಿಯುವ ಆಹಾರ ಟ್ಯೂಬಿನಲ್ಲಿ ಒಮ್ಮೆಗೇ ಸುರಿದುಬಿಡುತ್ತದೆ. ಕರುಳು ಅದನ್ನು ಹೀರಿಕೊಳ್ಳುವ ಮೊದಲೇ ಮುಂದಕ್ಕೆ ದೂಡುತ್ತದೆ. ಆದ್ದರಿಂದ ದಂಡವನ್ನು ತೆಗೆದಿಟ್ಟು, ಸಿರಿಂಜಿನ ಕೊಳವೆಯನ್ನಷ್ಟೇ ಟ್ಯೂಬಿಗೆ ಸಿಕ್ಕಿಸಿ, ಮೂಗಿನ ಮಟ್ಟಕ್ಕಿಂತ ಒಂದರಿಂದ ಒಂದೂವರೆ ಗೇಣು ಎತ್ತರದಲ್ಲಿ ಹಿಡಿದು ಆಹಾರ ತಾನಾಗಿಯೇ ಇಳಿಯಲು ಬಿಡಬೇಕು. ವೇಗ ಹೆಚ್ಚಾಯಿತೆನಿಸಿದರೆ ಕೈಯನ್ನು ತುಸು ಕೆಳಗಿಳಿಸಿದರೆ ಸಾಕು. 50 ಮಿ.ಲೀ. ಕೊಳವೆ ಒಮ್ಮೆ ಖಾಲಿಯಾಗಲು ಏಳೆಂಟು ನಿಮಿಷ ಹಿಡಿದರೆ ಸರಿಯಾದ ವೇಗ. ಮತ್ತೆ ತುಂಬಿಸುವ ಮೊದಲು ಗಾಳಿ ಹೋಗದಂತೆ ಟ್ಯೂಬನ್ನು ಮಡಚಿ ಹಿಡಿಯಿರಿ. ಮೂಗಿನ ಬಳಿ ಟ್ಯೂಬಿನ ಗುರುತು ಜರುಗಿಲ್ಲವೆಂದು ಪ್ರತಿ ಸಲವೂ ನೋಡಿಕೊಳ್ಳಬೇಕು, ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಬೇಕು, ಫೀಡ್ ಮುಗಿದ ಮೇಲೂ ಒಂದು ಗಂಟೆ ಹಾಗೆಯೇ ಇರಿಸಬೇಕು.

ಪ್ರಮಾಣವನ್ನು ವೈದ್ಯರಿಗೆ ಫೋನ್ ಮಾಡಿ ಕೇಳಿಯೇ ಬದಲಿಸಿದೆವು. ಮೊದಲು ಐದು ಸಲ 300, ಅಂದರೆ ದಿನಕ್ಕೆ 1500 ಮಿ.ಲೀ. ಹೋಗುತ್ತಿತ್ತು. ಎರಡು ದಿನ ಎಂಟು ಸಲ 150ರಂತೆ 1200 ಮಿ.ಲೀ. ಕೊಟ್ಟು, ಕಡಿಮೆಯಾದ ನೀರಿಗೂ ಭೇದಿಯಲ್ಲಿ ಹೋದ ನೀರಿಗೂ ವೈದ್ಯರು ಹೇಳಿದಷ್ಟು ಓಆರ್‌ಎಸ್ ಅನ್ನು ಟ್ಯೂಬಿನಲ್ಲೇ ಕೊಟ್ಟೆವು. ಮೂರನೆಯ ದಿನದಿಂದ ಎಂಟು ಸಲ 190ಕ್ಕೆ ಏರಿಸಿ ಮೊದಲಿನ ಮಟ್ಟ ತಲುಪಿದೆವು. ನಿಮ್ಮ ತಂದೆಯವರಿಗೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಓಆರ್‌ಎಸ್ ಪ್ರಮಾಣವನ್ನು ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಫೀಡ್ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಲೇಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ವೇಗ ಸರಿಪಡಿಸಿದ ಮೇಲೆ ಐದು ಸಲ ಇದ್ದದ್ದು ಮೂರಕ್ಕೆ ಇಳಿಯಿತೇ ಹೊರತು ನಿಲ್ಲಲಿಲ್ಲ. ಆಗ ಅಡುಗೆಮನೆಗೆ ಹೋದೆ. ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಆದರೆ ಮಿಕ್ಸಿ ಜಾರ್‌ನ ಮುಚ್ಚಳದ ರಬ್ಬರ್ ಉಂಗುರವನ್ನು ಚಮಚದ ತುದಿಯಿಂದ ಎಬ್ಬಿಸಿದಾಗ ಅದರಡಿಯಲ್ಲಿ ಬೂದು ಬಣ್ಣದ, ಹುಳಿ ವಾಸನೆಯ ಹಳೆಯ ಗಂಜಿ ಅಂಟಿಕೊಂಡಿತ್ತು. ಸಿರಿಂಜನ್ನು ನೀರಿನಲ್ಲಿ ಜಾಲಿಸಿ, ದಂಡ ಸಹಿತ ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಮಾಡಿದ ಗಂಜಿ ರಾತ್ರಿಯವರೆಗೆ ಫ್ರಿಜ್‌ನಲ್ಲಿ ಇರುತ್ತಿತ್ತು, ಮಧ್ಯೆ ಕರೆಂಟ್ ಹೋಗುತ್ತಿತ್ತು. ಯಾರ ಅಸಡ್ಡೆಯೂ ಅಲ್ಲ; ರಬ್ಬರ್ ಬಿಚ್ಚಿ ತೊಳೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರತಿ ಫೀಡ್ ಆದ ಮೇಲೆ ಸಿರಿಂಜನ್ನು ಬಿಡಿಸಿ, ಬಿಸಿನೀರು ಮತ್ತು ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಶುಭ್ರವಾದ ಬಟ್ಟೆಯ ಮೇಲೆ ಬೋರಲಾಗಿ ಒಣಗಲು ಇಡಿ. ಮಲೆನಾಡಿನ ಮಳೆಗಾಲದಲ್ಲಿ ಮೂರು ಗಂಟೆಯಲ್ಲಿ ಏನೂ ಒಣಗುವುದಿಲ್ಲ, ಆದ್ದರಿಂದ ಎರಡು ಸಿರಿಂಜ್ ಇಟ್ಟುಕೊಂಡು ಒಂದಾದ ಮೇಲೊಂದು ಬಳಸಿ. ಮಿಕ್ಸಿಯ ರಬ್ಬರನ್ನೂ ಜರಡಿಯನ್ನೂ ಪ್ರತಿ ಸಲ ತೊಳೆಯಿರಿ. ಫೀಡ್ ಬ್ಯಾಗ್ ಬಳಸುವವರು 24 ಗಂಟೆಗೊಮ್ಮೆ ಹೊಸದು ಹಾಕಬೇಕು. ಮನೆಯಲ್ಲಿ ರುಬ್ಬಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ನಾಲ್ಕು ಗಂಟೆ ಕರೆಂಟ್ ಇಲ್ಲದಿದ್ದರೆ ಫ್ರಿಜ್‌ನಲ್ಲಿದ್ದದ್ದನ್ನೂ ಚೆಲ್ಲಿಬಿಡಿ. ಒಂದು ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತೆಗೆದು, ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ ಕೊಡಿ. ಝರಿಯಿಂದ ಪೈಪಿನಲ್ಲಿ ಬರುವ ನೀರು ಎಷ್ಟೇ ತಿಳಿಯಾಗಿದ್ದರೂ ಚೆನ್ನಾಗಿ ಕುದಿಸಿಯೇ ಬಳಸಬೇಕು. ಇವಿಷ್ಟನ್ನು ಬದಲಿಸಿದ ಮೇಲೆ ಐದನೆಯ ದಿನಕ್ಕೆ ಅಜ್ಜಿಯ ಮಲ ಗಟ್ಟಿಯಾಯಿತು.

ನಿಮ್ಮಲ್ಲಿ ಭೇದಿ ಫೀಡ್‌ನ ಹೊತ್ತಿಗೆ ಹೊಂದಿಕೆಯಾಗದಿದ್ದರೆ ಔಷಧಿಗಳ ಕಡೆ ನೋಡಿ. ಇತ್ತೀಚೆಗೆ ಆಂಟಿಬಯೋಟಿಕ್ ಶುರುವಾಗಿದೆಯೇ, ಮಲಬದ್ಧತೆಗೆ ಕೊಟ್ಟ ಸಿರಪ್ ಇನ್ನೂ ಮುಂದುವರಿದಿದೆಯೇ, ಮಾತ್ರೆಯ ಬದಲು ಸಾರ್ಬಿಟಾಲ್ ಇರುವ ಸಿಹಿ ಸಿರಪ್ ಕೊಡುತ್ತಿದ್ದೀರೇ ಎಂದು ನೋಡಿ ನರ್ಸ್‌ಗೆ ಹೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಹಲವು ದಿನ ಮಲಬದ್ಧತೆ ಇದ್ದು ಈಗ ಸ್ವಲ್ಪ ಸ್ವಲ್ಪವೇ ನೀರು ಸೋರುತ್ತಿದ್ದರೆ, ಒಳಗೆ ಗಟ್ಟಿ ಮಲ ಕೂತು ಅದರ ಪಕ್ಕದಿಂದ ನೀರು ಹರಿಯುತ್ತಿರಬಹುದು, ಅದಕ್ಕೆ ಚಿಕಿತ್ಸೆ ಬೇರೆಯೇ. ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಪುಡಿ ಮಾಡಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸೋಂಕಿನಿಂದಾದ ಭೇದಿಯಲ್ಲಿ ಅದು ಹಾನಿ ಮಾಡುತ್ತದೆ.

ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಹೋಗಿ ವೇಗ ತಗ್ಗಿಸಿದರೂ ಒಂದು ದಿನದಲ್ಲಿ ಇಳಿಯದಿದ್ದರೆ, ಅಥವಾ ಕೂರುವ ಜಾಗದ ಚರ್ಮ ಕೆಂಪಾಗಿ ಸುಲಿಯತೊಡಗಿದರೆ ನರ್ಸ್‌ಗೆ ಫೋನ್ ಮಾಡುವುದು ಸರಿ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು, ಜ್ವರ, ಪದೇ ಪದೇ ವಾಂತಿ, ಬಿಗಿದ ಹೊಟ್ಟೆ, ಏಳೆಂಟು ಗಂಟೆ ಮೂತ್ರವಿಲ್ಲದಿರುವುದು, ಒಣಗಿದ ನಾಲಿಗೆಯೊಂದಿಗೆ ಎಂದಿಲ್ಲದ ಮಂಪರು, ಇವುಗಳಲ್ಲಿ ಒಂದು ಕಂಡರೂ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟದ ತೊಂದರೆಯಾದರೆ 108ಕ್ಕೆ ಕರೆ ಮಾಡಿ. ಇವತ್ತು ನರ್ಸ್ ಜೊತೆ ಮಾತನಾಡುವಾಗ ಎಷ್ಟು ಸಲ ಆಯಿತು, ಫೀಡ್ ಆದ ಎಷ್ಟು ಹೊತ್ತಿಗೆ ಆಯಿತು, ಒಂದು ಸಲಕ್ಕೆ ಎಷ್ಟು ಮಿ.ಲೀ. ಎಷ್ಟು ನಿಮಿಷದಲ್ಲಿ ಕೊಟ್ಟಿರಿ, ಕೊನೆಯ ಸಲ ಮೂತ್ರ ಆದದ್ದು ಯಾವಾಗ, ಔಷಧಿಗಳು ಯಾವುವು ಎಂಬುದನ್ನು ಬರೆದು ಕೈಯಲ್ಲಿ ಇಟ್ಟುಕೊಂಡಿರಿ.