ತೂಕ 82 ಕೆಜಿ, ಉಸಿರು 290 ಮಿಲಿ ಮಾತ್ರ: ಯಾಕೆ?

ಪ್ರಶ್ನೆ: ಅಮ್ಮನಿಗೆ 58 ವರ್ಷ, ತೂಕ 82 ಕೆಜಿ, ಎತ್ತರ 5 ಅಡಿ 1 ಇಂಚು. ನ್ಯುಮೋನಿಯಾ ಜೋರಾಗಿ ಎಆರ್‌ಡಿಎಸ್ ಆಗಿದೆ ಅಂತ ವೆಂಟಿಲೇಟರ್ ಹಾಕಿದ್ದಾರೆ. ಸ್ಕ್ರೀನ್ ಮೇಲೆ VT 290, PEEP 10 ಅಂತಿದೆ. ಪಕ್ಕದ ಬೆಡ್‌ನ ಸಣಕಲು ಹುಡುಗನಿಗೆ 420 ಇದೆ. ಅಮ್ಮನಿಗೆ ಗಾಳಿ ಕಡಿಮೆ ಕೊಡ್ತಿದ್ದಾರಾ ಡಾಕ್ಟ್ರೇ? ಆ PEEP ಅಂದ್ರೆ ಏನು?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಇಲ್ಲ, 290 ಅವರ ಅಳತೆಗೆ ಸರಿಯಾಗಿಯೇ ಇದೆ. ಪಕ್ಕದ ಹುಡುಗ ಸಣಕಲಾದರೂ ಉದ್ದ ಇರಬೇಕು, ಸುಮಾರು 5 ಅಡಿ 9 ಇಂಚು. ಲೆಕ್ಕ ಹಾಕಿದರೆ ಇಬ್ಬರ ಅಂಕಿಯೂ ಒಂದೇ ಸೂತ್ರದಿಂದ ಬರುತ್ತದೆ.

ದೇಹದ ತೂಕ ಏರಿದರೆ ಶ್ವಾಸಕೋಶ ಬೆಳೆಯುವುದಿಲ್ಲ. ಮದುವೆಯ ಹೊತ್ತಿಗೆ 50 ಕೆಜಿ ಇದ್ದವರು ಈಗ 82 ಆಗಿದ್ದರೂ ಎದೆಗೂಡು ಅಷ್ಟೇ, ಅದರೊಳಗಿನ ಶ್ವಾಸಕೋಶವೂ ಅಷ್ಟೇ. ಅದರ ಗಾತ್ರ ಹೇಳುವುದು ಎತ್ತರ ಮತ್ತು ಲಿಂಗ. ಹಾಗಾಗಿ ಒಂದು ಉಸಿರಿಗೆ ಎಷ್ಟು ಗಾಳಿ, ಅಂದರೆ ಸ್ಕ್ರೀನ್ ಮೇಲಿನ VT, ಟೈಡಲ್ ವಾಲ್ಯೂಮ್ ಎಷ್ಟು ಎಂದು ತೀರ್ಮಾನಿಸುವಾಗ ನಾವು ತಕ್ಕಡಿಯ ತೂಕ ನೋಡುವುದಿಲ್ಲ, ಎತ್ತರದಿಂದ ಅಂದಾಜಿಸಿದ ತೂಕವನ್ನು ಹಿಡಿಯುತ್ತೇವೆ. ಹೆಂಗಸರಿಗೆ 5 ಅಡಿಗೆ 45.5 ಕೆಜಿ, ಗಂಡಸರಿಗೆ 50 ಕೆಜಿ. ಅದರ ಮೇಲೆ ಪ್ರತಿ ಇಂಚಿಗೆ 2.3 ಕೆಜಿ. ನಿಮ್ಮ ತಾಯಿಗೆ ಅದು 47.8 ಕೆಜಿ ಆಗುತ್ತದೆ. ಶ್ವಾಸಕೋಶ ಊದಿಕೊಂಡು ನೀರು ತುಂಬುವ ಈ ಎಆರ್‌ಡಿಎಸ್‌ನಲ್ಲಿ ಕೆಜಿಗೆ 6 ಮಿಲಿ ಕೊಡುವುದು ರೂಢಿ. ಗುಣಿಸಿದರೆ 287, ಸ್ಕ್ರೀನ್ ಮೇಲೆ 290. ಹುಡುಗನಿಗೆ 70.7 ಕೆಜಿ, ಆರರಿಂದ ಗುಣಿಸಿದರೆ 424.

ತಕ್ಕಡಿಯ 82 ಕೆಜಿಯನ್ನೇ ಹಿಡಿದಿದ್ದರೆ 492 ಮಿಲಿ ಆಗುತ್ತಿತ್ತು. ಅವರ ಶ್ವಾಸಕೋಶದ ಅಳತೆಗೆ ಅದು ಕೆಜಿಗೆ ಹತ್ತು ಮಿಲಿಗಿಂತ ಹೆಚ್ಚು. ಅದೇ ಅಪಾಯ. ಎಆರ್‌ಡಿಎಸ್ ಆದ ಶ್ವಾಸಕೋಶ ಪೂರ್ತಿ ತೆರೆದಿರುವುದಿಲ್ಲ. ಮಲಗಿದವರಲ್ಲಿ ಬೆನ್ನಿನ ಕಡೆಯ ಭಾಗ ನೀರು ತುಂಬಿ ಮುಚ್ಚಿಹೋಗಿರುತ್ತದೆ. ಗಾಳಿ ಹೋಗುವುದು ಎದೆಯ ಮುಂಭಾಗದಲ್ಲಿ ಉಳಿದ ಸ್ವಲ್ಪ ಜಾಗಕ್ಕೆ. ಸಿಟಿ ಸ್ಕ್ಯಾನ್‌ನಲ್ಲಿ ಇದನ್ನು ಕಂಡ ಇಟಲಿಯ ವೈದ್ಯ ಗಟ್ಟಿನೋನಿ ಇದಕ್ಕೆ 'ಬೇಬಿ ಲಂಗ್' ಎಂದು ಹೆಸರಿಟ್ಟರು. ದೊಡ್ಡವರ ಎದೆಯೊಳಗೆ ಕೆಲಸ ಮಾಡುತ್ತಿರುವುದು ಮಗುವಿನದ್ದಷ್ಟು ಶ್ವಾಸಕೋಶ. ಅದರೊಳಕ್ಕೆ ಅರ್ಧ ಲೀಟರ್ ನೂಕಿದರೆ, ಚೆನ್ನಾಗಿರುವ ಗಾಳಿಚೀಲಗಳೇ ಹಿಗ್ಗಿ ಹಾಳಾಗುತ್ತವೆ.

ಇದು ಬರೀ ತರ್ಕವಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 861 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೆಜಿಗೆ 12 ಮಿಲಿ, ಇನ್ನೊಂದಕ್ಕೆ 6 ಮಿಲಿ ಗುರಿ ಇಟ್ಟರು. ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡರು, ಎರಡನೆಯದರಲ್ಲಿ 31. ಗುಂಪುಗಳ ನಡುವಿನ ಈ ವ್ಯತ್ಯಾಸ ಹೊಸ ಔಷಧಿಯದ್ದಲ್ಲ, ಉಸಿರಿನ ಗಾತ್ರದ್ದು. ಅಂದಿನಿಂದ ಐಸಿಯುನಲ್ಲಿ ಟೇಪು ಹಿಡಿದು ಎತ್ತರ ಅಳೆಯುವುದನ್ನು ನಾನು ಔಷಧಿ ಬರೆಯುವಷ್ಟೇ ಮುಖ್ಯ ಎಂದು ತಿಳಿದಿದ್ದೇನೆ. ಮಲಗಿದವರ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದರೆ ಎರಡು-ಮೂರು ಇಂಚು ತಪ್ಪುವುದು ಸುಲಭ.

ಸಣ್ಣ ಉಸಿರಿಗೆ ಬೆಲೆಯೂ ಇದೆ. ಪ್ರತಿ ಉಸಿರಿನಲ್ಲೂ ಸುಮಾರು 100 ಮಿಲಿ ಶ್ವಾಸನಾಳದಲ್ಲೇ ಉಳಿಯುತ್ತದೆ, ರಕ್ತದ ಹತ್ತಿರ ಹೋಗುವುದೇ ಇಲ್ಲ. ಅದನ್ನು ಸರಿದೂಗಿಸಲು ನಿಮಿಷಕ್ಕೆ ಉಸಿರಿನ ಸಂಖ್ಯೆ ಏರಿಸುತ್ತಾರೆ. ಸ್ಕ್ರೀನ್‌ನಲ್ಲಿ ನಿಮಿಷಕ್ಕೆ 26 ಅಂತೇನಾದರೂ ಕಂಡರೆ ಗಾಬರಿಯಾಗಬೇಡಿ. ಅಷ್ಟಾದರೂ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರುತ್ತದೆ. ತಲೆಗೆ ಪೆಟ್ಟಾದಂಥ ಕೆಲವರನ್ನು ಬಿಟ್ಟು ಉಳಿದವರಲ್ಲಿ ಒಂದು ಮಿತಿಯವರೆಗೆ ಅದನ್ನು ಸಹಿಸುತ್ತೇವೆ. ಇನ್ನೊಂದು ತೊಂದರೆ ರೋಗಿಗೆ ಗಾಳಿ ಸಾಲದೆನಿಸಿ ಒಂದರ ಮೇಲೊಂದು ಉಸಿರೆಳೆಯುವುದು. ಮೊದಲ 290 ಹೊರಗೆ ಬರುವ ಮೊದಲೇ ಇನ್ನೊಂದು 290 ಒಳಹೋಗುತ್ತದೆ, ಒಟ್ಟು 580. ನಾವು ಬೇಡವೆಂದ ಗಾತ್ರವೇ ಹಿಂಬಾಗಿಲಿನಿಂದ ಬಂದಂತಾಗುತ್ತದೆ. ಇಂಥ ಹೊತ್ತಿನಲ್ಲಿ ಮೆಷೀನ್ ಪದೇ ಪದೇ ಕೂಗುತ್ತದೆ. ನಿಮ್ಮ ತಾಯಿಗೆ ನಿದ್ದೆಯ ಔಷಧಿ ಕೊಟ್ಟಿದ್ದರೆ ಇದೂ ಒಂದು ಕಾರಣವಿರಬಹುದು.

ಇನ್ನು ಪೀಪ್. ಉಸಿರು ಬಿಟ್ಟಾದ ಮೇಲೂ ಶ್ವಾಸಕೋಶದಲ್ಲಿ ಮೆಷೀನ್ ಉಳಿಸುವ ಒತ್ತಡ ಅದು. 10 ಅಂದರೆ 10 ಸೆಂಟಿಮೀಟರ್ ನೀರಿನ ಒತ್ತಡ: ಉದ್ದನೆಯ ಲೋಟದ ನೀರಿನಲ್ಲಿ ಸ್ಟ್ರಾವನ್ನು 10 ಸೆಂಟಿಮೀಟರ್ ಮುಳುಗಿಸಿ ಊದಿ ಗುಳ್ಳೆ ಬರಿಸಲು ಎಷ್ಟು ಬೇಕೋ ಅಷ್ಟು. ಯಾಕೆ ಬೇಕೆಂದರೆ, ಮನೆಯಲ್ಲಿ ತೊಳೆದಿಟ್ಟ ಖಾಲಿ ಹಾಲಿನ ಪ್ಯಾಕೆಟ್ ನೋಡಿ. ಒಳಗೆ ಒದ್ದೆಯಿದ್ದರೆ ಎರಡೂ ಬದಿ ಅಂಟಿಕೊಳ್ಳುತ್ತವೆ, ಬಿಡಿಸಲು ಒದ್ದಾಡಬೇಕು. ಸ್ವಲ್ಪ ಗಾಳಿ ಒಳಗೇ ಉಳಿಸಿದ್ದರೆ ಬೆರಳು ಹಾಕಿದ ಕೂಡಲೇ ತೆರೆಯುತ್ತದೆ. ನೀರು ತುಂಬಿದ ಗಾಳಿಚೀಲಗಳೂ ಪ್ರತಿ ಸಲ ಉಸಿರು ಬಿಟ್ಟಾಗ ಹೀಗೆ ಅಂಟಿಕೊಂಡು, ಮುಂದಿನ ಉಸಿರಿಗೆ ಕಿತ್ತುಕೊಂಡು ತೆರೆಯುತ್ತವೆ. ದಿನಕ್ಕೆ ಸಾವಿರಾರು ಸಲ ಹಾಗಾದರೆ ಅದೇ ಒಂದು ಗಾಯ. ಪೀಪ್ ಅವನ್ನು ಮುಚ್ಚಲು ಬಿಡುವುದಿಲ್ಲ. ತೆರೆದಿರುವ ಜಾಗ ಹೆಚ್ಚಿದಂತೆ ಆಮ್ಲಜನಕವೂ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ.

ಇಲ್ಲಿ ಮಾತ್ರ ಆ 82 ಕೆಜಿ ಲೆಕ್ಕಕ್ಕೆ ಬರುತ್ತದೆ. ಅಂಗಾತ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶದ ಕೆಳಭಾಗವನ್ನು ಮುಚ್ಚಿಸುತ್ತದೆ. ಆದ್ದರಿಂದ ದಪ್ಪ ಇರುವವರಿಗೆ ಪೀಪ್ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಹಾಗಂತ ಏರಿಸುತ್ತಲೇ ಹೋಗುವಂತಿಲ್ಲ. ಎದೆಯೊಳಗಿನ ಒತ್ತಡ ಹೆಚ್ಚಿದರೆ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ.

ಪೀಪ್ ಹೊಂದುತ್ತಿದೆಯೇ ಎಂದು ಹೀಗೆ ನೋಡುತ್ತೇವೆ. ಉಸಿರು ಒಳಹೋದ ಮೇಲೆ ಅರ್ಧ ಸೆಕೆಂಡು ಗಾಳಿಯನ್ನು ತಡೆದು ಒತ್ತಡ ಅಳೆಯುತ್ತೇವೆ. ಇದಕ್ಕೆ ಪ್ಲಾಟೋ ಎನ್ನುತ್ತಾರೆ. ಸಾಮಾನ್ಯವಾಗಿ 30 ದಾಟಬಾರದು. ಪೀಪ್ 10 ಇದ್ದಾಗ ಪ್ಲಾಟೋ 24 ಎಂದುಕೊಳ್ಳಿ. ಅಂದರೆ 290 ಮಿಲಿ ಹಿಡಿಸಲು 14 ಬೇಕಾಯಿತು. ಪೀಪ್ ಅನ್ನು 12 ಮಾಡಿದಾಗ ಪ್ಲಾಟೋ 25ಕ್ಕೆ ನಿಂತರೆ ವ್ಯತ್ಯಾಸ 13. ಅಷ್ಟೇ ಗಾಳಿ ಈಗ ಸುಲಭವಾಗಿ ಹಿಡಿಸುತ್ತಿದೆ, ಬಹುಶಃ ಮುಚ್ಚಿದ್ದ ಜಾಗ ತೆರೆದಿದೆ. ಬದಲಿಗೆ ಪ್ಲಾಟೋ 28ಕ್ಕೆ ಹಾರಿ ವ್ಯತ್ಯಾಸ 16 ಆದರೆ, ಹೊಸದೇನೂ ತೆರೆದಿಲ್ಲ, ತೆರೆದಿದ್ದದ್ದೇ ಬಿಗಿಯಾಗುತ್ತಿದೆ. ಆಗ ಪೀಪ್ ಇಳಿಸುತ್ತೇವೆ. ಆಮ್ಲಜನಕದ ಅಂಕಿ ಸ್ವಲ್ಪ ಚೆನ್ನಾಗಿ ಕಂಡರೂ ಇಳಿಸುವುದೇ ಸರಿ ಎಂಬುದು ನನ್ನ ಅನುಭವ.

ನಾಳೆ ವಿಸಿಟಿಂಗ್ ಟೈಮ್‌ನಲ್ಲಿ ಡ್ಯೂಟಿ ಡಾಕ್ಟರನ್ನು ಎರಡು ಮಾತು ಕೇಳಿ: ಅಮ್ಮನ ಎತ್ತರ ಎಷ್ಟು ಅಂತ ಬರೆದುಕೊಂಡಿದ್ದೀರಿ, ಪ್ಲಾಟೋ ನಿನ್ನೆಗಿಂತ ಏರಿದೆಯೋ ಇಳಿದಿದೆಯೋ. ನಿಮ್ಮ 5 ಅಡಿ 1 ಇಂಚಿಗೂ ಅವರ ಅಂಕಿಗೂ ವ್ಯತ್ಯಾಸ ಇದ್ದರೆ, ಸಂಕೋಚ ಪಡದೆ ಆಗಲೇ ಹೇಳಿಬಿಡಿ.