5 ಪುಸ್ತಕ, 3 ಮಕ್ಕಳು: 540 ಯಾಕೆ ತಪ್ಪು?

ಪ್ರಶ್ನೆ: 5 ಬೇರೆ ಬೇರೆ ಪುಸ್ತಕಗಳನ್ನು 3 ಮಕ್ಕಳಿಗೆ ಹಂಚಬೇಕು, ಯಾರೂ ಬರಿಗೈಲಿ ಹೋಗಬಾರದು. ಮೊದಲು ತಲಾ ಒಂದು ಕೊಟ್ಟೆ (5×4×3), ಉಳಿದ ಎರಡನ್ನು ಯಾರಿಗಾದರೂ ಕೊಟ್ಟೆ (3×3). 540 ಬಂತು. ಪುಸ್ತಕದಲ್ಲಿ 150 ಅಂತಿದೆ. ಯಾಕೆ?

ಉತ್ತರ: ಯಾವ ಷರತ್ತೂ ಇಲ್ಲದೆ ಹಂಚಿದರೂ 3⁵ = 243 ವಿಧಾನಗಳೇ ಇರುವುದು. ಹಾಗಾಗಿ 540 ಸಾಧ್ಯವೇ ಇಲ್ಲ, ಅಲ್ವಾ?

ಒಂದು ಮಗುವಿಗೆ ಅ, ಆ ಎರಡೂ ಸಿಕ್ಕಿವೆ ಅನ್ನಿ. "ಮೊದಲು ಅ, ಆಮೇಲೆ ಆ" ಮತ್ತು "ಮೊದಲು ಆ, ಆಮೇಲೆ ಅ" ಎರಡನ್ನೂ ನೀವು ಬೇರೆ ಬೇರೆ ಎಣಿಸಿದ್ದೀರಿ. 3-1-1 ಹಂಚಿಕೆಗಳು 60 ಇವೆ, ಪ್ರತಿಯೊಂದೂ 3 ಸಲ ಬಂದಿದೆ. 2-2-1 ಹಂಚಿಕೆಗಳು 90, ಪ್ರತಿಯೊಂದೂ 4 ಸಲ. 180 + 360 = 540. ಒಂದೇ ಸಂಖ್ಯೆಯಿಂದ ಭಾಗಿಸಿ ಸರಿ ಮಾಡೋಣ ಅಂದರೂ ಆಗುವುದಿಲ್ಲ.

ಮಕ್ಕಳನ್ನು ಸದ್ಯಕ್ಕೆ ಮರೆತು, ಪುಸ್ತಕಗಳನ್ನು ಹೆಸರಿಲ್ಲದ 3 ಗುಂಪು ಮಾಡಿ. ಐದನೇ ಪುಸ್ತಕದ ಮೇಲೆ ಕಣ್ಣಿಡಿ. ಅದು ಒಂಟಿಯಾಗಿದ್ದರೆ, ಉಳಿದ 4 ಪುಸ್ತಕಗಳು 2 ಗುಂಪಾಗಬೇಕು: 7 ವಿಧಾನ. ಒಂಟಿಯಲ್ಲದಿದ್ದರೆ, ಆ 4 ಮೊದಲೇ 3 ಗುಂಪಾಗಿರಬೇಕು. ಯಾವ ಎರಡು ಜೊತೆಗಿವೆ ಎಂದು ಆರಿಸಿದರೆ ಸಾಕು, 6 ವಿಧಾನ. ಐದನೆಯದು ಮೂರರಲ್ಲಿ ಯಾವುದಕ್ಕೂ ಸೇರಬಹುದು: 18. ಒಟ್ಟು 25. n ಪುಸ್ತಕಗಳನ್ನು ಹೀಗೆ ಹೆಸರಿಲ್ಲದ k ಗುಂಪು ಮಾಡುವ ವಿಧಾನಗಳ ಎಣಿಕೆಯೇ ಎರಡನೇ ಬಗೆಯ ಸ್ಟರ್ಲಿಂಗ್ ಸಂಖ್ಯೆ S(n,k):

S(n,k) = S(n−1,k−1) + k·S(n−1,k)

ಈಗ ಗುಂಪುಗಳನ್ನು ಮಕ್ಕಳಿಗೆ ಕೊಡಿ: 3! × 25 = 150. ಯಾರನ್ನೂ ಬರಿಗೈಲಿ ಬಿಡದ ಹಂಚಿಕೆಗಳ, ಅಂದರೆ ಆನ್‌ಟು ಫಂಕ್ಷನ್‌ಗಳ ಎಣಿಕೆ k!·S(n,k) ಆಗುವುದು ಹೀಗೆ.