ಸಂಗಮ ಬಿಂದುವಿನಿಂದ ಅಳೆಯುವ ಲೆನ್ಸ್ ಸೂತ್ರ

ಪ್ರಶ್ನೆ: ಲೆನ್ಸಿಗೆ 1/u + 1/v = 1/f ಇದೆಯಲ್ಲ, ಮತ್ತೆ x·x′ = f² ಅಂತ ನ್ಯೂಟನ್ ಹೆಸರಿನ ಇನ್ನೊಂದು ಸೂತ್ರ ಯಾಕೆ? ಲ್ಯಾಬಿನಲ್ಲಿ ಇದರಿಂದ ಏನಾದರೂ ಉಪಯೋಗ ಇದೆಯಾ?

ಲೆಕ್ಕದ ಮಟ್ಟಿಗೆ ಎರಡೂ ಒಂದೇ. ವಸ್ತು, ಪ್ರತಿಬಿಂಬ ಎಷ್ಟು ದೂರ ಅನ್ನುವುದನ್ನು ಲೆನ್ಸಿನಿಂದ ಅಳೆದರೆ u, v. ಅದನ್ನೇ ಆಯಾ ಕಡೆಯ ಸಂಗಮ ಬಿಂದುವಿನಿಂದ ಅಳೆದರೆ x, x′. u = f + x, v = f + x′ ಅಂತ ಹಾಕಿ ಬಿಡಿಸಿದರೆ ಒಂದರಿಂದ ಇನ್ನೊಂದು ಬರುತ್ತದೆ. ಇಲ್ಲಿ ನಾನು ಚಿಹ್ನೆಗಳ ಗೋಜಿಗೆ ಹೋಗುತ್ತಿಲ್ಲ. ಪೀನ ಲೆನ್ಸು, ಪರದೆ ಮೇಲೆ ಬೀಳುವ ಪ್ರತಿಬಿಂಬ, ಬರೀ ದೂರಗಳು, ಅಷ್ಟೇ.

ಆದರೆ ಚಿತ್ರ ಬರೆದು ನೋಡಿದರೆ ನ್ಯೂಟನ್ ಸೂತ್ರ ಇನ್ನೂ ಸಲೀಸು. ವಸ್ತುವಿನ ತುದಿಯಿಂದ ಮುಂದಿನ ಸಂಗಮ ಬಿಂದುವಿನ ಮೂಲಕ ಹೋಗುವ ಕಿರಣ ಲೆನ್ಸ್ ದಾಟಿ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಅಲ್ಲಿನ ಸಮರೂಪ ತ್ರಿಭುಜಗಳಿಂದ ವರ್ಧನೆ f/x ಅಂತ ಸಿಗುತ್ತದೆ. ಸಮಾನಾಂತರವಾಗಿ ಬಂದು ಹಿಂದಿನ ಸಂಗಮ ಬಿಂದುವಿನ ಮೂಲಕ ಹೋಗುವ ಕಿರಣ ಅದೇ ವರ್ಧನೆಯನ್ನು x′/f ಅಂತ ಕೊಡುತ್ತದೆ. ಎರಡನ್ನೂ ಸಮ ಮಾಡಿ, ಸೂತ್ರ ಬಂತು.

ಈಗ ಲ್ಯಾಬಿನ ವಿಷಯ. u, v ಅಳೆಯಬೇಕಾದರೆ ಎಲ್ಲಿಂದ ಅಳೆಯುವುದು ಅಂತ ಗೊತ್ತಿರಬೇಕು. ತೆಳು ಲೆನ್ಸಾದರೆ ನಡುವಿನಿಂದ ಅಂದುಬಿಡಬಹುದು. ಪ್ರೊಜೆಕ್ಟರಿನ ಲೆನ್ಸ್ ತರಹ ಒಂದೇ ಕೊಳವೆಯೊಳಗೆ ನಾಲ್ಕೈದು ಗಾಜು ಇದ್ದರೆ? ಆಗ u, v ಶುರುವಾಗುವ ಎರಡು ತಾಣಗಳು ಕೊಳವೆಯೊಳಗೆ ಎಲ್ಲೋ ಇರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಸಂಗಮ ಬಿಂದುಗಳು ಹಾಗಲ್ಲ. ಅವು ಸಾಮಾನ್ಯವಾಗಿ ಗಾಜಿನ ಹೊರಗೇ ಇರುತ್ತವೆ, ಬೆಂಚಿನ ಮೇಲೆ ಗುರುತು ಹಾಕಬಹುದು. ಲೆನ್ಸನ್ನು ಕದಲಿಸದೆ ಎರಡೂ ಕಡೆ ಗುರುತು ಹಾಕಿಕೊಂಡರೆ ಮುಂದೆ ಅಳೆಯುವುದೆಲ್ಲ ಆ ಗುರುತುಗಳಿಂದಲೇ. ವಸ್ತು 16 ಸೆಂ.ಮೀ. ಆಚೆ, ಪ್ರತಿಬಿಂಬ 25 ಸೆಂ.ಮೀ. ಆಚೆ ಬಂದರೆ ಗುಣಲಬ್ಧ 400, ಸಂಗಮ ದೂರ 20 ಸೆಂ.ಮೀ. ಲೆನ್ಸಿನ ನಡು ಎಲ್ಲಿದೆ ಅಂತ ಕೇಳುವ ಪ್ರಮೇಯವೇ ಇಲ್ಲ.

ಎಲ್ಲಾ ಭಾರ ಆ ಗುರುತುಗಳ ಮೇಲೆ ಬೀಳುತ್ತದೆ ಅನ್ನುವುದೂ ನಿಜ. ಲ್ಯಾಬಿನಲ್ಲಿ ಹುಡುಗರು ಸಾಮಾನ್ಯವಾಗಿ ಎದುರಿನ ಕಿಟಕಿಯನ್ನೇ 'ದೂರದ ವಸ್ತು' ಅಂದುಕೊಂಡು ಅದರ ಪ್ರತಿಬಿಂಬ ಬಿದ್ದ ಕಡೆ ಗುರುತು ಹಾಕುತ್ತಾರೆ. ಕಿಟಕಿ 8 ಮೀಟರ್ ದೂರ ಇದೆ ಅನ್ನಿ. ಅಂದರೆ x = 800 ಸೆಂ.ಮೀ., x′ = 400/800 = 0.5 ಸೆಂ.ಮೀ. ಗುರುತು ಅರ್ಧ ಸೆಂಟಿಮೀಟರ್ ಆಚೆ ಹೋಯಿತು! ಎಷ್ಟು ತಪ್ಪಾಗಿದೆ ಅನ್ನುವುದನ್ನೂ ಅದೇ ಸೂತ್ರ ಹೇಳುತ್ತದೆ, ನೋಡಿ.

ಆ ತಪ್ಪು ಅಳತೆಗಳಲ್ಲಿ ಅಡಗಿ ಕೂರುವುದಿಲ್ಲ. ಮುಂದಿನ ಗುರುತು ಸರಿ ಇದೆ, ಹಿಂದಿನದು ಮಾತ್ರ ಅರ್ಧ ಸೆಂ.ಮೀ. ಆಚೆ ಇದೆ ಅಂದುಕೊಳ್ಳಿ. ಆಗ ಪ್ರತಿ x′ ಕೂಡ 0.5 ಕಡಿಮೆ ಬರುತ್ತದೆ. x = 10 ಇದ್ದಾಗ x′ 40 ಬರುವ ಬದಲು 39.5, ಗುಣಲಬ್ಧ 395. x = 16ಕ್ಕೆ 24.5, ಗುಣಲಬ್ಧ 392. x = 40ಕ್ಕೆ 9.5, ಗುಣಲಬ್ಧ 380. x ಜಾಸ್ತಿಯಾದ ಹಾಗೆ ಗುಣಲಬ್ಧ ಇಳಿಯುತ್ತಾ ಹೋಗುತ್ತಿದೆ. ಕಣ್ಣಳತೆಯ ತಪ್ಪಾಗಿದ್ದರೆ ಮೇಲೆ ಕೆಳಗೆ ಹಾರಾಡಬೇಕಿತ್ತು, ಅಲ್ವಾ? ಹೀಗೆ ಒಂದೇ ಕಡೆಗೆ ಜಾರಿದರೆ ಗುರುತು ತಪ್ಪಿದೆ ಅಂತಲೇ ಅರ್ಥ.

ಹಾಗಂತ ಅಳತೆಗಳನ್ನು ಬಿಸಾಡಬೇಕಿಲ್ಲ. ಗುಣಲಬ್ಧವನ್ನು x ಎದುರು ಗ್ರಾಫ್ ಹಾಕಿ. ನೇರ ಗೆರೆ ಬರುತ್ತದೆ. ಅದರ ಇಳಿಜಾರು −0.5, ಅಂದರೆ ಗುರುತು ಎಷ್ಟು ತಪ್ಪಿದೆಯೋ ಅಷ್ಟೇ. ಗೆರೆಯನ್ನು x = 0 ತನಕ ಎಳೆದರೆ 400 ಸಿಗುತ್ತದೆ. ಅದೇ ನಿಜವಾದ f². ನನಗಂತೂ ಈ ಸೂತ್ರದಲ್ಲಿ ತುಂಬಾ ಇಷ್ಟವಾಗುವುದು ಇದೇ. ಮುಂದಿನ ಗುರುತೊಂದೇ ತಪ್ಪಿದ್ದರೆ x ಬದಲು x′ ಎದುರು ಗ್ರಾಫ್ ಹಾಕಬೇಕು.

ಮೊದಲೇ ಸರಿಯಾಗಿ ಗುರುತು ಹಾಕಬೇಕಾದರೆ ಕಿಟಕಿ ಬಿಟ್ಟು ಕನ್ನಡಿ ಹಿಡಿಯಿರಿ. ಲೆನ್ಸಿನ ಒಂದು ಪಕ್ಕಕ್ಕೆ ಸಮತಲ ಕನ್ನಡಿ, ಇನ್ನೊಂದು ಪಕ್ಕಕ್ಕೆ ಪಿನ್ನು ಇಡಿ. ಪಿನ್ನನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಅದರ ತುದಿಗೆ ತಲೆಕೆಳಗಾದ ಪ್ರತಿಬಿಂಬದ ತುದಿ ಬಂದು ಕೂಡುತ್ತದೆ. ತಲೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿ. ಎರಡು ತುದಿಗಳೂ ಬೇರೆಯಾಗದಿದ್ದರೆ ಸಂಗಮ ಬಿಂದು ಅಲ್ಲೇ ಇದೆ. ಆಮೇಲೆ ಕನ್ನಡಿ, ಪಿನ್ನು ಅದಲು ಬದಲು ಮಾಡಿ ಇನ್ನೊಂದನ್ನೂ ಹುಡುಕಿ.

ಒಂದು ಮಿತಿ ಇದೆ. ಲೆನ್ಸಿನ ಎರಡೂ ಕಡೆ ಗಾಳಿಯೇ ಇರಬೇಕು. ಒಂದು ಕಡೆ ನೀರಿದ್ದರೆ ಎರಡು ಕಡೆಯ ಸಂಗಮ ದೂರಗಳು ಬೇರೆ ಬೇರೆ ಆಗುತ್ತವೆ. ಆಗ f² ಜಾಗದಲ್ಲಿ f·f′ ಬರುತ್ತದೆ.